ಚೀಟಿಯ ಮೇಲಿನ 14 ಕಿಲೋ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆಯ ಸಂಜೆ ಕ್ಲಿನಿಕ್‌ಗಳಿಂದ ಬರುವ ಮಕ್ಕಳ ಚೀಟಿಗಳನ್ನು ಓದುವ ಅಭ್ಯಾಸವಿದ್ದವರಿಗೆ ಒಂದು ವಿಚಿತ್ರ ಕಣ್ಣಿಗೆ ಬಿದ್ದಿರುತ್ತದೆ. ಎರಡು ವರ್ಷದ ಮಗು ಎಂದರೆ 12 ಕಿಲೋ, ಮೂರಾದರೆ 14, ನಾಲ್ಕಾದರೆ 16. ಇಷ್ಟು ಶಿಸ್ತಾಗಿ ಬೆಳೆಯುವ ಮಕ್ಕಳನ್ನು ಯಾವ ತಾಯಿಯೂ ಹೆತ್ತಿಲ್ಲ. ಆ ಅಂಕಿ ತೂಕದ ಯಂತ್ರದಿಂದ ಬಂದದ್ದಲ್ಲ. ವಯಸ್ಸನ್ನು ಎರಡರಿಂದ ಗುಣಿಸಿ ಎಂಟು ಕೂಡಿಸಿದರೆ ಸಿಗುವ ಲೆಕ್ಕ ಅದು. ಅಮೆರಿಕದ ಮಕ್ಕಳ ವೈದ್ಯ ವೀಚ್ 1954ರಲ್ಲಿ ಕೊಟ್ಟ ಈ ಸೂತ್ರವನ್ನು ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಇವತ್ತಿಗೂ ಬಾಯಿಪಾಠ ಮಾಡುತ್ತಾರೆ.

ಮಗುವಿನ ತೂಕ ಗೊತ್ತಿಲ್ಲದಾಗ ಡೋಸನ್ನು ತೂಕದ ಮೇಲೆ ಕೊಡಬೇಕೋ ವಯಸ್ಸಿನ ಮೇಲೆ ಕೊಡಬೇಕೋ ಎಂಬ ಚರ್ಚೆಯಲ್ಲಿ ಈ ಸೂತ್ರ ತೂಕದ ಪಕ್ಷದಲ್ಲಿ ಕೂತಿರುತ್ತದೆ. ನನ್ನ ತಕರಾರು ಅಲ್ಲಿಂದಲೇ ಶುರು. ವಯಸ್ಸಿನಿಂದ ಹುಟ್ಟಿದ ತೂಕ ವಯಸ್ಸೇ, ವೇಷ ಮಾತ್ರ ಬೇರೆ. ಅದನ್ನು ತೂಕವೆಂದು ನಂಬಿ ಪ್ರತಿ ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು ಲೆಕ್ಕ ಹಾಕುವುದು, ವಯಸ್ಸಿನ ಪಟ್ಟಿ ನೋಡಿ ನೇರವಾಗಿ ಕೊಡುವುದಕ್ಕಿಂತ ಎಷ್ಟೋ ಸಲ ಹೆಚ್ಚು ಅಪಾಯ. ಹೇಗೆಂದು ಒಂದು ಲೆಕ್ಕ ಮಾಡಿಯೇ ನೋಡೋಣ.

ಹೆಬ್ಬಾಳದ ಆಚೆ ಏಳುತ್ತಿರುವ ಒಂದು ಅಪಾರ್ಟ್‌ಮೆಂಟಿನ ಪಕ್ಕದ ತಗಡಿನ ಶೆಡ್ಡಿನಿಂದ, ರಾಯಚೂರು ಕಡೆಯ ತಾಯಿ ಜ್ವರ ಬಂದ ಮಗಳನ್ನು ಎತ್ತಿಕೊಂಡು ಬಂದಿದ್ದಾಳೆ ಎಂದಿಟ್ಟುಕೊಳ್ಳಿ. ವಯಸ್ಸು ಕೇಳಿದರೆ, “ಜಾತ್ರಿಗೆ ಮೂರು ತುಂಬ್ಯಾವ್ರಿ” ಅನ್ನುತ್ತಾಳೆ. ತಾಯಿ ಕಾರ್ಡ್ ಊರಲ್ಲಿದೆ. ಹೊರಗೆ ಜನ ಕಾಯುತ್ತಿದ್ದಾರೆ. ಡಾಕ್ಟರು ಸೂತ್ರ ಹಾಕುತ್ತಾರೆ: 14 ಕಿಲೋ. ಪ್ಯಾರಸಿಟಮಾಲ್ ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿ.ಗ್ರಾಂ. ಜ್ವರ ಜೋರಾಗಿದೆಯಲ್ಲ ಎಂದು 15 ಹಿಡಿದರೆ 210 ಮಿ.ಗ್ರಾಂ. ಬರೆದಿರುವುದು 5 ಮಿ.ಲೀ.ಗೆ 250 ಮಿ.ಗ್ರಾಂ ಇರುವ ಸಿರಪ್ಪು. ಲೆಕ್ಕಕ್ಕೆ 4.2 ಮಿ.ಲೀ. ಬರುತ್ತದೆ, ಆ ದಶಾಂಶವನ್ನು ಯಾರು ಅಳೆಯುತ್ತಾರೆ? 5 ಮಿ.ಲೀ., ದಿನಕ್ಕೆ ನಾಲ್ಕು ಸಲ ಎಂದು ಚೀಟಿಯಲ್ಲಿ ಬೀಳುತ್ತದೆ.

ಆ ಹುಡುಗಿಯ ನಿಜವಾದ ತೂಕ 10 ಕಿಲೋ ಇದ್ದರೆ? ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಲ್ಲಿ ಮೂರು ವರ್ಷದ ಹೆಣ್ಣುಮಗುವಿನ ನಡು ತೂಕ 13.9 ಕಿಲೋ, 10.8ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕದ ಮಗು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 32.9ರಷ್ಟು ಈ ಗುಂಪಿಗೆ ಸೇರಿದ್ದರು. ಅಂದರೆ 10 ಕಿಲೋ ಎಂಬುದು ಅಪರೂಪದ ಕಲ್ಪನೆಯೇನಲ್ಲ. ಈ ಮಗುವಿಗೆ ಹೋಗುತ್ತಿರುವುದು ಒಂದು ಸಲಕ್ಕೆ ಕಿಲೋಗೆ 25 ಮಿ.ಗ್ರಾಂ, ದಿನಕ್ಕೆ 100. ಸಾಮಾನ್ಯವಾಗಿ ದಿನದ ಮಿತಿ ಎಂದು ಹೇಳುವುದು ಕಿಲೋಗೆ 60; ಇನ್ನೂ ಉದಾರವಾದ ಪುಸ್ತಕಗಳು 75ರವರೆಗೆ ಹೋಗುತ್ತವೆ. ದಿನಕ್ಕೆ 100ರಂತೆ ಮೂರು ದಿನ ದಾಟಿತೆಂದರೆ ಯಕೃತ್ತಿನ ಪರೀಕ್ಷೆ ಮಾಡಿಸಬೇಕಾದ ಮಟ್ಟ ಅದು. ಅದರ ಮೇಲೆ ಮಗು ಎರಡು ದಿನದಿಂದ ಏನೂ ತಿಂದಿಲ್ಲ. ಪ್ಯಾರಸಿಟಮಾಲಿನ ವಿಷಕಾರಿ ತುಣುಕನ್ನು ನುಂಗಿ ಹಾಕುವ ಗ್ಲುಟಾಥಯೋನ್ ಸೊರಗಿದ, ಉಪವಾಸವಿರುವ ಮೈಯಲ್ಲಿ ಮೊದಲೇ ಕಡಿಮೆ.

ಈಗ ಅದೇ ಮಗುವಿಗೆ ವಯಸ್ಸಿನ ಪಟ್ಟಿಯನ್ನೇ ಹಿಡಿದಿದ್ದರೆ ಏನಾಗುತ್ತಿತ್ತು? ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿ ಮಕ್ಕಳ ಪ್ಯಾರಸಿಟಮಾಲ್‌ಗಿದ್ದ ಅಗಲವಾದ ವಯಸ್ಸಿನ ಗುಂಪುಗಳನ್ನು ಒಡೆದು ಚಿಕ್ಕದು ಮಾಡಿತು. ಎರಡರಿಂದ ನಾಲ್ಕು ವರ್ಷಕ್ಕೆ ಅಲ್ಲಿರುವುದು 180 ಮಿ.ಗ್ರಾಂ. ನಮ್ಮ 10 ಕಿಲೋ ಹುಡುಗಿಗೆ ಅದು ಕಿಲೋಗೆ 18 ಆಗುತ್ತದೆ. ಸ್ವಲ್ಪ ಜಾಸ್ತಿಯೇ, ಆದರೆ 25 ಅಲ್ಲ. ಪಕ್ಕದ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿರುವ, ಅದೇ ವಯಸ್ಸಿನ 18 ಕಿಲೋ ಹುಡುಗನಿಗೆ ಕಿಲೋಗೆ 10, ಸಾಕಾಗುವಷ್ಟು. ಒಳ್ಳೆಯ ವಯಸ್ಸಿನ ಪಟ್ಟಿ ಮಾಡಿದವರು ಎರಡೂ ತುದಿಯ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಸೂತ್ರ ಹಾಕಿದವರ ಕಣ್ಣಮುಂದೆ ಇರುವುದು ನಡುವಿನ ಮಗು ಒಂದೇ, ಆಮೇಲೆ ಅದಕ್ಕೆ ಗರಿಷ್ಠ ಡೋಸು ಬೇರೆ. ಬ್ರಿಟಿಷ್ ಪಟ್ಟಿಯನ್ನು ಹಾಗೇ ತಂದು ಯಶವಂತಪುರದಲ್ಲಿ ಅಂಟಿಸಿ ಎಂದು ನಾನು ಹೇಳುತ್ತಿಲ್ಲ. ಅದು ಅಲ್ಲಿನ ಮಕ್ಕಳಿಗೆ ಹೊಲಿದ ಅಂಗಿ, ಇಲ್ಲಿನ ಸಣಕಲು ಮಕ್ಕಳಿಗೆ ದೊಗಳೆಯೇ. ಹೊರಗಿನ ಅಳತೆಗಳ ಪಾಡು ಎಲ್ಲ ಕಡೆ ಹೀಗೆ. ಮಗುವಿನ ಉದ್ದ ಅಳೆದು ತೂಕ ಹೇಳುವ ಬ್ರೋಸ್ಲೋ ಟೇಪನ್ನು ಭಾರತದ ಮಕ್ಕಳ ಮೇಲೆ ಪರೀಕ್ಷಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 10 ಕಿಲೋ ದಾಟಿದ ಮಕ್ಕಳಿಗೆ ಅದು ಶೇ. 10ಕ್ಕಿಂತ ಹೆಚ್ಚು ತೂಕ ತೋರಿಸಿತ್ತು.

ಸೂತ್ರವನ್ನೇ ಬಳಸುವುದು ಅನಿವಾರ್ಯವಾದರೆ ಒಂದು ದಾರಿ ಇದೆ. ಅಂದಾಜಿನ ತೂಕಕ್ಕೆ ಪ್ಯಾರಸಿಟಮಾಲಿನ ಕೆಳಗಿನ ಅಂಕಿಯನ್ನು ಹಿಡಿಯಬೇಕು. 14ನ್ನು 10ರಿಂದ ಗುಣಿಸಿದರೆ 140 ಮಿ.ಗ್ರಾಂ. ಸಣಕಲು ಹುಡುಗಿಗೆ ಕಿಲೋಗೆ 14, ದಪ್ಪ ಹುಡುಗನಿಗೆ ಎಂಟರ ಹತ್ತಿರ. ಅವನ ಜ್ವರ ಅರ್ಧ ಡಿಗ್ರಿ ಕಡಿಮೆ ಇಳಿಯಬಹುದು, ಅಷ್ಟೇ. ಆದರೆ ಮನೆಯವರಿಗೆ ಈ ಮಾತನ್ನು ಬಿಡಿಸಿ ಹೇಳಲೇಬೇಕು. ಇಲ್ಲದಿದ್ದರೆ “ಜ್ವರ ಇಳೀಲಿಲ್ಲ” ಎಂದು ಎರಡು ಗಂಟೆಗೇ ಇನ್ನೊಂದು ಮುಚ್ಚಳ ಕುಡಿಸುತ್ತಾರೆ, ಇಲ್ಲವೇ ಪಕ್ಕದ ಕ್ಲಿನಿಕ್ಕಿನಿಂದ ಬೇರೆ ಹೆಸರಿನ, ಒಳಗೆ ಅದೇ ಔಷಧವಿರುವ ಬಾಟಲಿ ತರುತ್ತಾರೆ.

ಎಲ್ಲ ಔಷಧಕ್ಕೂ ಹೀಗೆ ಕೆಳಗೇ ಇರಬೇಕೆಂದಲ್ಲ. ನ್ಯುಮೋನಿಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಮಾಕ್ಸಿಸಿಲಿನ್ ಪಟ್ಟಿ ನೋಡಿ. 250 ಮಿ.ಗ್ರಾಂ ಮಾತ್ರೆ, ಮೂರು ವರ್ಷ ತುಂಬಿದ ಮಗುವಿಗೆ ದಿನಕ್ಕೆ ಎರಡು ಸಲ ಮೂರು ಮೂರು. ತೂಕದ ಪ್ರಕಾರ ನಮ್ಮ ಹುಡುಗಿಗೆ ಎರಡೆರಡೇ ಸಾಕಿತ್ತು. ವಯಸ್ಸು ನೋಡಿ ಮೂರು ಕೊಟ್ಟರೆ ಭೇದಿ ಸ್ವಲ್ಪ ಹೆಚ್ಚಾದೀತು, ಯಕೃತ್ತಿಗೇನೂ ಆಗದು. ಕಡಿಮೆ ಕೊಟ್ಟರೆ ಮಾತ್ರ ಎದೆಯ ಸೋಂಕು ಹಾಗೇ ಉಳಿಯುವ ಭಯ. ಇಲ್ಲಿ ತಪ್ಪುವುದಾದರೆ ಮೇಲಕ್ಕೆ ತಪ್ಪುವುದೇ ಮೇಲು. ಜಂತುಹುಳುವಿನ ಅಲ್ಬೆಂಡಜೋಲ್ ಒಂದರಿಂದ ಎರಡು ವರ್ಷದವರೆಗೆ ಅರ್ಧ ಮಾತ್ರೆ, ಆಮೇಲೆ ಒಂದು; ಭೇದಿಗೆ ಕೊಡುವ ಜಿಂಕ್ ಆರು ತಿಂಗಳ ಒಳಗೆ 10, ಮೇಲೆ 20 ಮಿ.ಗ್ರಾಂ. ಇವಕ್ಕೆ ತೂಕ ಕೇಳುವ ಅಗತ್ಯವೇ ಇಲ್ಲ. ಇನ್ನೊಂದು ತುದಿಯಲ್ಲಿ ಜೆಂಟಾಮೈಸಿನ್, ಫೆನಿಟೋಯಿನ್, ಥಿಯೋಫಿಲಿನ್ ಇವೆ. ಇವುಗಳಲ್ಲಿ ಗುಣ ಮಾಡುವ ಮಟ್ಟಕ್ಕೂ ಕೆಡುಕು ಮಾಡುವ ಮಟ್ಟಕ್ಕೂ ನಡುವೆ ಜಾಗವೇ ಕಡಿಮೆ. ಮಗುವನ್ನು ತೂಗದೆ ಈ ಔಷಧ ಬರೆಯುವ ಕ್ಲಿನಿಕ್ಕಿನ ಗಡಿಬಿಡಿಗೆ ನನ್ನಲ್ಲಿ ಸಹಾನುಭೂತಿಯಿಲ್ಲ. ಕ್ಷಯದ ಚಿಕಿತ್ಸೆ ಈ ಪಾಠವನ್ನು ಕಲಿತಿದೆ. ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮಕ್ಕಳ ಮಾತ್ರೆಗಳು 4–7 ಕಿಲೋ, 8–11, 12–15 ಎಂದು ತೂಕದ ಗುಂಪಿನಲ್ಲೇ ಇವೆ. ಮಗು ತೂಕ ಏರಿಸಿಕೊಂಡರೆ ಗುಂಪೂ ಬದಲಾಗುತ್ತದೆ.

ಹಾಗಾದರೆ ಯಾಕೆ ತೂಗುವುದಿಲ್ಲ? ಬಹುತೇಕ ಕಡೆ ಯಂತ್ರ ಇದ್ದೇ ಇರುತ್ತದೆ, ಡಾಕ್ಟರ ಕೋಣೆಯ ಮೂಲೆಯಲ್ಲಿ. ಅಳುವ ಮಗುವನ್ನು ಇಳಿಸಿ, ಚಪ್ಪಲಿ ಬಿಡಿಸಿ ನಿಲ್ಲಿಸುವ ಹೊತ್ತಿಗೆ ಮುಂದಿನ ಟೋಕನ್ನಿನವರು ಬಾಗಿಲು ತಳ್ಳಿರುತ್ತಾರೆ. ಯಂತ್ರವನ್ನು ಟೋಕನ್ ಕೊಡುವ ಮೇಜಿನ ಪಕ್ಕಕ್ಕೆ ಸರಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಕಾಯುವ ಹೊತ್ತಿನಲ್ಲೇ ತೂಕ ಆಗಿಹೋಗುತ್ತದೆ. ನಿಲ್ಲದ ಮಗುವಾದರೆ ತಾಯಿ ಎತ್ತಿಕೊಂಡು ಹತ್ತಲಿ, ಆಮೇಲೆ ಅವಳೊಬ್ಬಳೇ ಹತ್ತಲಿ, ಕಳೆಯಿರಿ. ಸ್ವೆಟರು, ಒದ್ದೆ ಡಯಾಪರು ಸೇರಿ ಅರ್ಧ ಕಿಲೋ ಹೆಚ್ಚು ಬಂತೆನ್ನಿ. 10 ಕಿಲೋ ಮಗುವಿನಲ್ಲಿ ಅದು ಶೇ. 5ರ ತಪ್ಪು. ಸೂತ್ರ ಮಾಡಿದ್ದು ಶೇ. 40ರ ತಪ್ಪು. ಯಂತ್ರ ಕೆಟ್ಟಿದ್ದರೆ ಮೊದಲು ಅಂಗನವಾಡಿಯಲ್ಲಿ ಕೊನೆಗೆ ತೂಗಿದ್ದು ಎಷ್ಟು ಎಂದು ಕೇಳಬೇಕು, ನಂತರ ತಾಯಿಯ ಅಂದಾಜನ್ನು. ದಿನವಿಡೀ ಎತ್ತಿಕೊಂಡು ತಿರುಗುವವಳ ಅಂದಾಜು ಸಾಮಾನ್ಯವಾಗಿ ಸೂತ್ರಕ್ಕಿಂತ ನಿಜಕ್ಕೆ ಹತ್ತಿರ ಇರುತ್ತದೆ. ವಯಸ್ಸು ಬರುವುದು ಇವೆಲ್ಲ ಕೈಕೊಟ್ಟ ಮೇಲೆ. ನಿರ್ಜಲೀಕರಣಕ್ಕೆ ಓ.ಆರ್.ಎಸ್. ಎಷ್ಟು ಕೊಡಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಇದೇ ಷರತ್ತಿದೆ. ಕಿಲೋಗೆ 75 ಮಿ.ಲೀ., ತೂಕ ತಿಳಿಯದಿದ್ದರೆ ಮಾತ್ರ ವಯಸ್ಸು ನೋಡಿ.

ವಯಸ್ಸಿನ ಮೇಲೆ ಕೊಟ್ಟಿದ್ದರೆ ಹಾಗೆಂದೇ ಬರೆಯಲಿ: “ತೂಕ ನೋಡಿಲ್ಲ, ವಯಸ್ಸಿನ ಮೇಲೆ.” ಸುಮ್ಮನೆ 14 ಕಿಲೋ ಎಂದು ಬರೆದರೆ ಆ ಸುಳ್ಳಿಗೆ ಕಾಲು ಬರುತ್ತದೆ. ಮೂರನೇ ದಿನ ಬೇರೆ ಆಸ್ಪತ್ರೆಗೆ ಹೋದಾಗ ಅಲ್ಲಿನವರು ಅದನ್ನು ತೂಗಿದ ತೂಕವೆಂದೇ ನಂಬಿ, ಮುಂದಿನ ಔಷಧಕ್ಕೂ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಮಿಲಿಗ್ರಾಂ ಬರೆಯದೆ ಬರೀ 5 ಮಿ.ಲೀ. ಎಂದು ಬರೆದರೆ ಇನ್ನೊಂದು ಗಂಡಾಂತರ. ಮೆಡಿಕಲ್ ಸ್ಟೋರಿನಲ್ಲಿ 5 ಮಿ.ಲೀ.ಗೆ 120 ಮಿ.ಗ್ರಾಂ ಇರುವುದೂ ಇದೆ, 250 ಇರುವುದೂ ಇದೆ, ಒಂದೇ ಮಿ.ಲೀ.ಗೆ 100 ಇರುವ ಡ್ರಾಪ್ಸೂ ಇದೆ. ಡ್ರಾಪ್ಸನ್ನು ಸಿರಪ್ಪಿನ ಮುಚ್ಚಳದಲ್ಲಿ ಅಳೆದರೆ 5 ಮಿ.ಲೀ.ಗೆ 500 ಮಿ.ಗ್ರಾಂ ಹೊಟ್ಟೆಗೆ ಹೋಗುತ್ತದೆ.

ಹೆಚ್ಚಾಗಿದೆ ಎಂದು ಗೊತ್ತಾಗುವುದೂ ಸುಲಭವಿಲ್ಲ. ಮೂರು ನಾಲ್ಕನೇ ದಿನ ವಾಂತಿ, ಮಂಕು, ಬಲಪಕ್ಕೆಯ ಕೆಳಗೆ ಹೊಟ್ಟೆನೋವು. ರಕ್ತ ನೋಡಿದರೆ ಯಕೃತ್ತಿನ ಕಿಣ್ವಗಳು ಏರಿರುತ್ತವೆ. ಮಳೆಗಾಲದ ಬೆಂಗಳೂರಿನಲ್ಲಿ ಇಷ್ಟೂ ಲಕ್ಷಣ ಡೆಂಗಿಯಲ್ಲೂ ಬರುತ್ತವೆ, ಮತ್ತು ಡೆಂಗಿ ಜ್ವರಕ್ಕೇ ಈ ಸಿರಪ್ಪು ಹೆಚ್ಚು ಖರ್ಚಾಗುವುದು. ಎರಡನ್ನೂ ಬೇರೆ ಮಾಡಲು ರಕ್ತಪರೀಕ್ಷೆ ಒಂದೇ ಸಾಲದು. ಮನೆಯಲ್ಲಿರುವ ಎಲ್ಲ ಬಾಟಲಿಗಳನ್ನೂ ತರಿಸಬೇಕು, ಯಾವ ಮುಚ್ಚಳದಲ್ಲಿ, ಎಷ್ಟು ಗೆರೆಗೆ, ರಾತ್ರಿಯೂ ಸೇರಿ ಎಷ್ಟು ಸಲ ಎಂದು ತಾಯಿಯನ್ನು ಕೇಳಬೇಕು, ಮಗುವನ್ನು ಆಗಲಾದರೂ ತೂಗಿ ಭಾಗಿಸಬೇಕು. ದಿನಕ್ಕೆ ಕಿಲೋಗೆ 100ರ ಹತ್ತಿರ ಬಂದರೆ ಪ್ಯಾರಸಿಟಮಾಲ್ ನಿಲ್ಲಿಸಿ, ಅಸಿಟೈಲ್‌ಸಿಸ್ಟೀನ್ ಕೊಡಲು ಸೌಲಭ್ಯವಿರುವ ಆಸ್ಪತ್ರೆಗೆ ಅದೇ ದಿನ ಕಳಿಸಬೇಕು. ಕಳಿಸುವ ಚೀಟಿಯಲ್ಲಿ ತೂಗಿದ ತೂಕವೂ, ಹೊಟ್ಟೆಗೆ ಹೋದ ಒಟ್ಟು ಮಿಲಿಗ್ರಾಮೂ, ಕೊನೆಯ ಡೋಸು ಕೊಟ್ಟ ಹೊತ್ತೂ ಇರಬೇಕು.