ಕರ್ಣ ಹೇಳುವ ನಿಜ

ಹಳೆಯ ಮನೆಯ ಅಳತೆಗೆ ಬಂದ ಇಂಟರ್ನ್ ಹುಡುಗಿಯ ಕೈಯಲ್ಲಿನ ಹಾಳೆಯನ್ನು ನೋಡಬೇಕು. ಗೋಡೆಗಳು ಪೆನ್ಸಿಲಿನಲ್ಲಿ, ಅಳತೆಗಳು ಕೆಂಪು ಪೆನ್ನಿನಲ್ಲಿ. ಬರಿಗೈಯ ಗೆರೆಗಳೇ, ಆದರೂ ಯಾವ ಅಂಕಿ ಯಾವ ಗೋಡೆಯದೆಂಬ ಗೊಂದಲವಿಲ್ಲ.

ಟೇಪಿನ ಸೊನ್ನೆ ಮೂಲೆ ಬಿಟ್ಟು ಕದಲುವುದಿಲ್ಲ. 450ಕ್ಕೆ ಬಾಗಿಲಿನ ಒಂದಂಚು, 1350ಕ್ಕೆ ಇನ್ನೊಂದಂಚು, 4000ಕ್ಕೆ ಗೋಡೆಯ ಕೊನೆ. ತುಂಡುತುಂಡಾಗಿ ಅಳೆದು ಕೂಡಿಸಿದರೆ ಚೂರುಪಾರು ತಪ್ಪುಗಳೂ ಕೂಡಿಕೊಳ್ಳುತ್ತವೆ.

ನಿಜವಾದ ಜಾಣ್ಮೆ ಕರ್ಣದಲ್ಲಿದೆ. ಎದುರುಬದುರು ಗೋಡೆಗಳು ಸಮ: 3000, 4000 ಮಿಲಿಮೀಟರು. ಮೂಲೆಗಳು ನೆಟ್ಟಗಿದ್ದರೆ ಎರಡೂ ಕರ್ಣ 5000 ಬರಬೇಕು. ಇಲ್ಲಿ ಒಂದು 5050, ಮತ್ತೊಂದು 4950! ಕಣ್ಣಿಗೆ ನೆಟ್ಟಗೆ ಕಂಡ ಕೋಣೆ ಓರೆ. ಕರ್ಣ ಅಳೆಯದೆ ಬಿಟ್ಟರೆ ಇದು ಗೊತ್ತಾಗುವುದು ಟೈಲ್ಸ್ ಹಾಕುವವರಿಗೆ, ಗೋಡೆಯಂಚಿಗೆ ಓರೆ ತುಂಡುಗಳನ್ನು ಕತ್ತರಿಸುವಾಗ.

ಸ್ಟುಡಿಯೋದಲ್ಲಿ ಅದೇ ಕೋಣೆ 1:50ರ ಹಾಳೆಗೆ ಇಳಿಯುತ್ತದೆ. ಪ್ಲಾನು ಎಂದರೆ ಕಿಟಕಿಯ ಮಟ್ಟದಲ್ಲಿ ಮನೆಯನ್ನು ಅಡ್ಡ ಕತ್ತರಿಸಿ ಮೇಲಿಂದ ನೋಡಿದ ಚಿತ್ರ. ಹಾಗೆ ಕತ್ತರಿಸಿದ ಗೋಡೆಗೆ ದಪ್ಪ ಗೆರೆ, ಕೆಳಗಿನ ಕಟ್ಟೆಗೆ ತೆಳು ಗೆರೆ, ತಲೆಯ ಮೇಲಿನ ತೊಲೆಗೆ ತುಂಡುಗೆರೆ. 5000ದಿಂದ ಪ್ರತಿ ಕರ್ಣಕ್ಕಿರುವ ಆ 50 ಮಿಲಿಮೀಟರು ವ್ಯತ್ಯಾಸ ಇಲ್ಲಿ ಒಂದೇ ಮಿಲಿಮೀಟರು, ಕಣ್ಣಿಗೆ ಬೀಳುವುದೇ ಕಷ್ಟ. ಅದಕ್ಕೇ ಹುಡುಗಿ ಎರಡೂ ಕರ್ಣಗಳ ಅಂಕಿಯನ್ನು ಪ್ಲಾನಿನ ಮೇಲೆ ಬರೆದಿಟ್ಟಿದ್ದಾಳೆ.