ಬಾಲ ನೋಡಿ ಕತ್ತರಿ ಹಾಕಿ

ಕಳೆದ ವಾರ ಮಂಗಳವಾರ ರಾತ್ರಿ ಹರಿಹರದಿಂದ ಅಕ್ಕ ಒಂದು ವಾಯ್ಸ್ ನೋಟ್ ಕಳಿಸಿದಳು. ಮೂರು ನಿಮಿಷ ಹತ್ತು ಸೆಕೆಂಡು. ಅವ್ವನನ್ನು ರಕ್ತ ಪರೀಕ್ಷೆಗೆ ದಾವಣಗೆರೆಗೆ ಕರೆತರುವ ವಿಷಯ. ಕರೆತರಬೇಕಾದವನು ತಮ್ಮ. ಅವನು ಹೊಳೆಯಾಚೆ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯಲ್ಲಿದ್ದ. ಯಂತ್ರದ ಸದ್ದಿನಲ್ಲಿ ದನಿ ಕೇಳಿಸದು, ಓದಲಷ್ಟೇ ಆದೀತು. ಒಂದು ಫೋನಿನಲ್ಲಿ ಅಕ್ಕನ ದನಿ ಹಾಕಿ, ಇನ್ನೊಂದರಲ್ಲಿ ಕನ್ನಡ ವಾಯ್ಸ್ ಟೈಪಿಂಗ್ ತೆರೆದು ಪಕ್ಕಕ್ಕಿಟ್ಟೆ. ಪೂರ್ಣವಿರಾಮವೇ ಇಲ್ಲದೆ ಪರದೆ ತುಂಬ ಅಕ್ಷರ ಬಂತು. ನಡುವಿನ ತುಣುಕು ಹೀಗಿತ್ತು:

"ಬುಧವಾರ ಅಂದಿದ್ರಲ್ಲ ಅದು ಬುಧವಾರ ಅಲ್ವಂತೆ ನಾಡಿದ್ದು ಬನ್ನಿ ಅಂದ್ರಂತೆ ಏಳುವವರೆಗೆ ಅಲ್ಲಿರ್ಬೇಕಂತೆ ಖಾಲಿ ಹೊಟ್ಟೇಲಿ ನೀರು ಕುಡಿಬೋದಂತೆ ಪಕ್ಕದ ಮನೇರು ಕಾಫಿ ಕುಡಿದ್ರೆ ಏನಾಗಲ್ಲ ಅಂದ್ರು ನಂಗೊತ್ತಿಲ್ಲಪ ಶುಗರ್ ಮಾತ್ರೆ ದಿನಾ ನುಂಗ್ತಾಳಲ್ಲ ಅವತ್ತು ನುಂಗದು ಬ್ಯಾಗ ಜತೇಲಿ ತಗಂಡ್ ಹೋಗ್ಬೇಕು ಹಳೇ ಫೈಲೂ"

ಇಂಥದ್ದನ್ನು ಮೊದಲಿಂದ ಓದುತ್ತ ಓದುತ್ತಲೇ ಕತ್ತರಿಸಲು ಹೊರಡಬಾರದು. ನಮ್ಮ ಭಾಷೆಯಲ್ಲಿ ಹೌದೋ ಅಲ್ಲವೋ ತೀರ್ಮಾನವಾಗುವುದು ವಾಕ್ಯದ ಬಾಲದಲ್ಲಿ. 'ಬುಧವಾರ ಅಂದಿದ್ರಲ್ಲ' ಎಂಬಲ್ಲಿಗೇ ಕೈ ನಿಂತರೆ ಅವ್ವ ಒಂದು ದಿನ ಮೊದಲೇ ಉಪವಾಸ ಕೂರುತ್ತಾಳೆ. ಮಾತಾಡುವವರು ತಪ್ಪನ್ನು ಅಳಿಸುವುದಿಲ್ಲ, ಮುಂದೆ ಹೋಗಿ ತಿದ್ದುತ್ತಾರೆ. ಆದ್ದರಿಂದ ಒಂದೇ ವಿಷಯ ಎರಡು ಸಲ ಬಂದಿದ್ದರೆ ಕೊನೆಯದೇ ಲೆಕ್ಕ. 2013ರ ಜುಲೈನಲ್ಲಿ ನಿಂತುಹೋದ ಟೆಲಿಗ್ರಾಂ ಕಾಲದಲ್ಲಿ ಪದಕ್ಕೆ ಇಷ್ಟು ಎಂದು ಕಾಸು ಕೊಡಬೇಕಿತ್ತು. ಸಣ್ಣ ಪದಗಳನ್ನು ಕಿತ್ತುಹಾಕಿದರೂ ಇಂಗ್ಲಿಷ್ ಅರ್ಥ ಕೊಡುತ್ತಿತ್ತು. ಕನ್ನಡದಲ್ಲಿ ಆ ಕೆಲಸವನ್ನು ಪ್ರತ್ಯಯಗಳು ಮಾಡುತ್ತವೆ. ಅವನ್ನು ಕಿತ್ತರೆ ಅರ್ಥವೇ ಹೋಗುತ್ತದೆ.

ಬರಹಕ್ಕಿಳಿದ ಮಾತಿನಲ್ಲಿ ಅನುಮಾನ ಬಂದ ಎರಡು ಕಡೆ ಮತ್ತೆ ದನಿಯನ್ನೇ ಕೇಳಿದೆ. 'ಏಳುವವರೆಗೆ ಅಲ್ಲಿರ್ಬೇಕು' ಎಂದರೆ ಯಾರು ಏಳುವವರೆಗೆ? ಅಕ್ಕ ಹೇಳಿದ್ದು 'ಏಳೂವರೆಗೆ'. ಒಂದು ದೀರ್ಘ ತಪ್ಪಿ ಒಂದು 'ವ' ಹೆಚ್ಚಾದದ್ದಕ್ಕೆ ಗಡಿಯಾರದ ಹೊತ್ತು ಹಾಸಿಗೆಯಿಂದ ಏಳುವ ಮಾತಾಗಿಬಿಟ್ಟಿತ್ತು. ಹೊತ್ತನ್ನು ನಾನು ಯಾವತ್ತೂ ಅಂಕಿಯಲ್ಲೇ ಬರೆಯುವುದು ಇದಕ್ಕೇ. ಎರಡನೆಯದು 'ನುಂಗದು ಬ್ಯಾಗ'. ನಮ್ಮ ಕಡೆಯ 'ಬ್ಯಾಡ' ಫೋನಿಗೆ ಬ್ಯಾಗ್ ಆಗಿತ್ತು. ಏನೂ ತಿನ್ನದೆ ಶುಗರ್ ಮಾತ್ರೆ ನುಂಗಿದರೆ ಸಕ್ಕರೆ ಇಳಿದು ತಲೆ ಸುತ್ತೀತು. ಆ ಒಂದಕ್ಷರವನ್ನು ಊಹೆಗೆ ಬಿಡುವಂತಿರಲಿಲ್ಲ.

ಇನ್ನು 'ಅಂತೆ'. ಉದ್ದ ಕಡಿಮೆ ಮಾಡುವವರೆಲ್ಲ ಮೊದಲು ಕೀಳುವುದು ಇದನ್ನೇ, ನನಗೆ ಹೆಚ್ಚು ಭಯವಿರುವುದೂ ಇಲ್ಲೇ. 'ಗುರುವಾರವಂತೆ' ಎಂದರೆ ಕೇಳಿದ ಸುದ್ದಿ, 'ಗುರುವಾರ' ಎಂದರೆ ನಾನು ಹೊಣೆ. ಆಸ್ಪತ್ರೆಗೆ ಹೋಗಿ ಕೇಳಿಕೊಂಡು ಬಂದವನು ಅಕ್ಕನ ಮಗ, ಅಕ್ಕನಲ್ಲ. ಆಸ್ಪತ್ರೆಗೇ ಫೋನ್ ಮಾಡಿ ದಿನ, ಹೊತ್ತು, ಮಾತ್ರೆ ಮೂರನ್ನೂ ಕೇಳಿಕೊಂಡ ಮೇಲೆ 'ಅಂತೆ' ತೆಗೆದೆ. ಕೇಳಲು ಆಗದಿದ್ದರೆ ಅದನ್ನು ಹಾಗೇ ಉಳಿಸುತ್ತಿದ್ದೆ.

'ನಾಡಿದ್ದು' ಎಂಬುದನ್ನೂ ಬಿಡಿಸಬೇಕಿತ್ತು. ಪಾಳಿಯವನು ಫೋನ್ ನೋಡುವುದು ಹನ್ನೆರಡು ದಾಟಿದ ಮೇಲೆ. ಅಷ್ಟರಲ್ಲಿ ಬುಧವಾರ ಹುಟ್ಟಿರುತ್ತದೆ, ಅವನ ನಾಡಿದ್ದು ಶುಕ್ರವಾರವಾಗುತ್ತದೆ.

ಪಕ್ಕದ ಮನೆಯವರ ಕಾಫಿ ಮಾತನ್ನು ತೆಗೆದುಹಾಕಿದರೆ ಸಾಲದು ಅನ್ನಿಸಿತು. ಅವರು ತಮ್ಮನಿಗೂ ಅದನ್ನೇ ಹೇಳುತ್ತಾರೆ. ಹಾಗಾಗಿ ಅಕ್ಕ ಹೇಳದ ಎರಡು ಪದ ನಾನೇ ಸೇರಿಸಿದೆ. ಹೊರಡುವ ಹೊತ್ತನ್ನೂ ಸೇರಿಸಿದೆ: ಪಾಳಿ ಬಿಡುವುದು ಆರಕ್ಕೆ, ಹರಿಹರದಿಂದ ಇಲ್ಲಿಗೆ 14 ಕಿ.ಮೀ. ಆಸುಪಾಸು, ಅವ್ವ ಗಾಡಿ ಹತ್ತಲು ಸಾವಕಾಶ ಬೇಕು. ಬರೆದು ಮುಗಿಸಿದಾಗ ಇದ್ದದ್ದು ಇಷ್ಟು:

"ಅವ್ವನ ರಕ್ತ ಪರೀಕ್ಷೆ ಗುರುವಾರ, 12ನೇ ತಾರೀಕು. ಬುಧವಾರ ಅಲ್ಲ. ಬೆಳಿಗ್ಗೆ 6.30ಕ್ಕೆ ಅಕ್ಕನ ಮನೆಯಿಂದ ಅವ್ವನ್ನ ಕರ್ಕೊಂಡು ಹೊರಡು, 7.30ಕ್ಕೆ ಆಸ್ಪತ್ರೆ ಬಾಗಿಲಲ್ಲಿ ನಾನಿರ್ತೀನಿ. ಖಾಲಿ ಹೊಟ್ಟೆ, ನೀರು ಮಾತ್ರ. ಕಾಫಿಯೂ ಬೇಡ. ಶುಗರ್ ಮಾತ್ರೆ ಕೊಡಬೇಡ. ಮಾತ್ರೆ, ಹಳೇ ಫೈಲ್ ಜೊತೆಗೆ ತಾ. ಓದಿದ ಮೇಲೆ ಉತ್ತರ ಹಾಕು."

ಕಳಿಸುವ ಮುಂಚೆ ಅಕ್ಕನಿಗೆ ಓದಿ ಹೇಳಿದೆ. "ಎಲ್ಲಾ ಐತೆ, ಅವ್ವ ಸೂಜಿಗೆ ಹೆದ್ರಿಕೆಂಡಾಳೆ ಅಂದಿದ್ನಲ್ಲ, ಅದೆಲ್ಲಿ?" ಅಂದಳು. ನಿಜ, ಅದು ವಾಯ್ಸ್ ನೋಟಿನ ಎರಡನೇ ನಿಮಿಷದಲ್ಲಿತ್ತು, ಹರಟೆಯೆಂದು ಬಿಟ್ಟಿದ್ದೆ. 'ಉತ್ತರ ಹಾಕು' ಎಂಬುದರ ಮುಂಚೆ ಒಂದು ಸಾಲು ಕೂಡಿಸಿದೆ: "ಅವ್ವಗೆ ಸೂಜಿ ಭಯ, ದಾರಿಯಲ್ಲಿ ಮಾತಾಡಿಸ್ಕೊಂಡು ಬಾ."

ರಾತ್ರಿ 12.20ಕ್ಕೆ ತಮ್ಮನ ಉತ್ತರ ಬಂತು: "ಗುರುವಾರ 6.30. ಮಾತಾಡಿಸ್ಕೊಂಡು ಬರ್ತೀನಿ."