ಏಕೋಜಿಯ ಶಾಸನ ಮಲ್ಲೇಶ್ವರ ಬಡಾವಣೆಯನ್ನು ಕಟ್ಟಿತೇ?

ಕಾಡುಮಲ್ಲೇಶ್ವರದ 1669ರ ಶಾಸನದ ಬಗ್ಗೆ ಬರೆದ ಲೇಖನವೊಂದರ ಕರಡು ಕೈಗೆ ಬಂತು. ಪಾಠ ಚೆನ್ನಾಗಿದೆ, ಓದಿರುವ ರೀತಿಯೂ ಸರಿ. ಎಡವಿರೋದು ಕೊನೆಯ ಚರ್ಚೆಯಲ್ಲಿ. ಅಲ್ಲಿನ ವಾಕ್ಯ ಹೀಗಿದೆ: "ಏಕೋಜಿ ದೇವಾಲಯವನ್ನು ಕಟ್ಟಿಸಿ ದತ್ತಿ ಕೊಟ್ಟದ್ದರಿಂದಲೇ ಇಂದಿನ ಮಲ್ಲೇಶ್ವರ ಬೆಳೆಯಿತೆಂದು ಈ ಶಾಸನ ಸಾಬೀತು ಮಾಡುತ್ತದೆ." ಒಂದೇ ವಾಕ್ಯದಲ್ಲಿ ಎರಡು ಜಿಗಿತ.

ಮೊದಲನೆಯದು "ಕಟ್ಟಿಸಿ" ಅನ್ನೋ ಮಾತು. ಕಲ್ಲಿನ ಮೇಲಿರುವುದು ದಾನದ ವಿಷಯ: ಏಕೋಜಿ ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ಬಿಟ್ಟುಕೊಟ್ಟ. ದೇವರಿಗೆ ಊರು ಬಿಡಬೇಕಾದರೆ ಅಷ್ಟು ಹೊತ್ತಿಗೆ ಅಲ್ಲಿ ಪೂಜೆ ನಡೆಯುತ್ತಿದ್ದಿರಬೇಕು. ಹಾಗಾಗಿ 1669 ದೇವಸ್ಥಾನ ಹುಟ್ಟಿದ ವರ್ಷ ಅಲ್ಲ. ದೇವರು ಅಷ್ಟರೊಳಗೆ ಅಲ್ಲಿದ್ದ ಅನ್ನೋದಕ್ಕೆ ಅದು ಗಡಿ, ಅಷ್ಟೇ. ಎಷ್ಟು ಹಿಂದಿನಿಂದ ಅನ್ನೋದನ್ನ ಕಟ್ಟಡದ ಶೈಲಿ, ಬೇರೆ ಶಾಸನಗಳಿಂದ ಹುಡುಕಬೇಕು.

ಎರಡನೆಯದು "ಕೊಟ್ಟದ್ದರಿಂದಲೇ". ಮೊದಲು ದತ್ತಿ, ಆಮೇಲೆ ಬಡಾವಣೆ, ಎರಡೂ ಒಂದೇ ಜಾಗದಲ್ಲಿ. ಆದರೆ ನಡುವೆ ಇನ್ನೂರು ವರ್ಷಕ್ಕೂ ಹೆಚ್ಚಿನ ಅಂತರ ಇದೆ. ಪೇಟೆಯ ಇಕ್ಕಟ್ಟು ತಗ್ಗಿಸಲು 1890ರ ದಶಕದಲ್ಲಿ ಮಲ್ಲೇಶ್ವರ, ಬಸವನಗುಡಿ ಎರಡನ್ನೂ ಯೋಜಿಸಿದರು. 1898ರ ಪ್ಲೇಗು ಜನ ಹೊರಗೆ ಹೋಗುವುದಕ್ಕೆ ಒತ್ತು ಕೊಟ್ಟಿತು. ಇಲ್ಲೇ ಒಂದು ಸುಲಭ ಪರೀಕ್ಷೆ ಇದೆ. ಏಕೋಜಿಯ ಈ ದತ್ತಿ ಬಸವನಗುಡಿಗೆ ಸಂಬಂಧಿಸಿದ್ದಲ್ಲ, ಆದರೂ ಅದೇ ಕಾಲಕ್ಕೆ ಅಲ್ಲೂ ಬಡಾವಣೆ ಎದ್ದಿತು. ಅಂದಮೇಲೆ ಬಡಾವಣೆ ಏಳೋದಕ್ಕೆ ದತ್ತಿ ಬೇಕೇಬೇಕಾಗಿರಲಿಲ್ಲ.

ಹಾಗಂತ ನಂಟೇ ಇಲ್ಲ ಅನ್ನಬೇಕಿಲ್ಲ. ಹೆಸರಿನ ನಂಟು ಗಟ್ಟಿಯಾಗಿದೆ: ಬಡಾವಣೆಗೆ ದೇವರ ಹೆಸರು ಬಂದಿದೆ. ಆದರೆ ಹೆಸರು ಕೊಟ್ಟದ್ದು ಬೇರೆ, ಊರು ಬೆಳೆಸಿದ್ದು ಬೇರೆ. ದತ್ತಿಯ ಭೂಮಿಯಿಂದಾಗಿ ಜಾಗದ ಆಯ್ಕೆ ನಡೆಯಿತು ಎನ್ನಬೇಕಾದರೆ 1890ರ ದಶಕದ ಯೋಜನೆಯ ಕಡತದಲ್ಲಿ ಆ ಇನಾಮಿನ ಪ್ರಸ್ತಾಪ ತೋರಿಸಬೇಕು. ಕಲ್ಲು ಆ ಕೆಲಸ ಮಾಡಲಾರದು.

ಇನ್ನೊಂದು ಎಚ್ಚರ: ತಿದ್ದುವ ಭರದಲ್ಲಿ ಎಲ್ಲ ವಾಕ್ಯಕ್ಕೂ "ಇರಬಹುದು" ಅಂಟಿಸಬಾರದು. ದಾನ ಕೊಟ್ಟದ್ದು ಕಲ್ಲಿನಲ್ಲೇ ಇದೆ, ಅದನ್ನು ನೇರವಾಗಿಯೇ ಹೇಳಬೇಕು. ಊಹೆ ಶುರುವಾಗುವ ಕಡೆ ಮಾತ್ರ ಕ್ರಿಯಾಪದ ಮೆತ್ತಗಾಗಲಿ. ನಾನು ತಿದ್ದಿ ಕೊಟ್ಟದ್ದು ಹೀಗೆ:

"1669ರಲ್ಲಿ ಏಕೋಜಿ ಮಲ್ಲಪುರದ ಮಲ್ಲಿಕಾರ್ಜುನನಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟನು. ಆ ವೇಳೆಗೆ ದೇವರು ಅಲ್ಲಿ ಪೂಜೆಗೊಳ್ಳುತ್ತಿದ್ದನೆಂದು ಇದು ಸೂಚಿಸುತ್ತದೆ; ದೇವಾಲಯದ ನಿರ್ಮಾಣಕಾಲವನ್ನು ಹೇಳುವುದಿಲ್ಲ. ಬಡಾವಣೆಯ ಹೆಸರು ಈ ದೇವರಿಂದ ಬಂದಿದೆ. ದತ್ತಿಗೂ ಬಡಾವಣೆಯ ಹುಟ್ಟಿಗೂ ಕಾರಣ-ಕಾರ್ಯ ಸಂಬಂಧವಿತ್ತೆಂದು ಈ ಶಾಸನವೊಂದರಿಂದಲೇ ಹೇಳಲಾಗದು."